ಮೂರನೇ ಕಾಲಂ ಓದುವ ಬಗೆ: ಆಮ್ಲ, ಸುಣ್ಣ ಮತ್ತು ಒಂದು ಡ್ರಮ್ ಬೋರ್ಡೋ

(ಚಿಕ್ಕಮಗಳೂರಿನಲ್ಲಿ, ಮುಂಗಾರಿಗೆ ಮುಂಚೆ, ಬೆಳೆಗಾರರು ಮತ್ತು ಪಿಯುಸಿ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತ ಮಕ್ಕಳಿಗೆ ಈ ಕೋಷ್ಟಕ ಹೊಸದಲ್ಲ, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀರಿ. ಹಿಂದೆ ಕೂತ ಬೆಳೆಗಾರರಿಗೆ ಇದರಲ್ಲಿರುವ ಸಾಮಾನುಗಳು ಹೊಸವಲ್ಲ. ಅರ್ಧದಷ್ಟು ನಿಮ್ಮ ಶೆಡ್ಡಿನಲ್ಲೇ ಇವೆ. ಹಾಗಾಗಿ ಎಲ್ಲ ಸಾಲುಗಳನ್ನೂ ಒಂದೊಂದಾಗಿ ಓದುತ್ತಾ ಹೋಗುವುದಿಲ್ಲ. ಒಂದು ಕಾಲಂ ಮತ್ತು ಒಂದು ಸಾಲು, ಇವೆರಡರ ಬಗ್ಗೆ ಮಾತ್ರ ಮಾತಾಡುತ್ತೇನೆ. ಮೊದಲು ಕೋಷ್ಟಕ ನೋಡಿಬಿಡಿ.

| ಹೆಸರು | ಸೂತ್ರ | ಬಲ | ದಿನಬಳಕೆ | ಎಚ್ಚರಿಕೆ |
|---|---|---|---|---|
| ಹೈಡ್ರೋಕ್ಲೋರಿಕ್ ಆಮ್ಲ | HCl | ಪ್ರಬಲ | ಬಾತ್‌ರೂಮ್ ಆಸಿಡ್ | ಬ್ಲೀಚಿಂಗ್ ಪುಡಿಯ ಹತ್ತಿರ ತರಬೇಡಿ |
| ಸಲ್ಫ್ಯೂರಿಕ್ ಆಮ್ಲ | H₂SO₄ | ಪ್ರಬಲ | ಬ್ಯಾಟರಿ | ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಬೇಡ |
| ಅಸಿಟಿಕ್ ಆಮ್ಲ | CH₃COOH | ದುರ್ಬಲ | ವಿನೆಗರ್ | ನೀರು ಬೆರೆಸದ್ದು ಚರ್ಮ ಸುಡುತ್ತದೆ, ಬೆಂಕಿಯೂ ಹತ್ತುತ್ತದೆ |
| ಫಾರ್ಮಿಕ್ ಆಮ್ಲ | HCOOH | ದುರ್ಬಲ | ರಬ್ಬರ್ ಹಾಲು ಹೆಪ್ಪುಗಟ್ಟಿಸಲು | ಕೈಗವಸು, ಕನ್ನಡಕ ಬೇಕೇ ಬೇಕು |
| ಹೈಡ್ರೋಫ್ಲೋರಿಕ್ ಆಮ್ಲ | HF | ದುರ್ಬಲ | ಗಾಜಿನ ಮೇಲೆ ಕೊರೆಯಲು, ಕೆಲವು ತುಕ್ಕು ತೆಗೆಯುವ ದ್ರಾವಣಗಳಲ್ಲಿ | ಮನೆಯಲ್ಲಿ ಇಡುವಂಥದ್ದೇ ಅಲ್ಲ |
| ಕಾಸ್ಟಿಕ್ ಸೋಡಾ | NaOH | ಪ್ರಬಲ | ಸಾಬೂನು, ಕಟ್ಟಿದ ಪೈಪು ಬಿಡಿಸಲು | ಕಣ್ಣಿಗೆ ಅತಿ ಅಪಾಯ |
| ಅರಳಿದ ಸುಣ್ಣ | Ca(OH)₂ | ಪ್ರಬಲ, ಆದರೆ ಕರಗುವುದು ಕಡಿಮೆ | ಗೋಡೆ, ಎಲೆ ಅಡಿಕೆ, ಬೋರ್ಡೋ | ಕಣ್ಣಿಗೆ ಅತಿ ಅಪಾಯ |
| ಅಮೋನಿಯಾ | NH₃ | ದುರ್ಬಲ | ಗಾಜು ಒರೆಸುವ ದ್ರಾವಣ | ಬ್ಲೀಚಿಂಗ್ ಪುಡಿಯ ಹತ್ತಿರ ತರಬೇಡಿ |
| ಅಡುಗೆ ಸೋಡಾ | NaHCO₃ | ದುರ್ಬಲ | ಅಡುಗೆ ಮನೆ | ವಿಶೇಷ ಏನಿಲ್ಲ |

ಈಗ ಮೂರನೇ ಕಾಲಂ ನೋಡಿ. 'ಪ್ರಬಲ' ಎಂದರೆ ಅಪಾಯ, 'ದುರ್ಬಲ' ಎಂದರೆ ಪಾಪದ್ದು ಎಂದು ಓದಿಕೊಳ್ಳುವುದು ಸಹಜ. ಹಾಗೆ ಓದಿದರೆ HF ಇರುವ ಸಾಲಿನಲ್ಲಿ ಸಿಕ್ಕಿಬೀಳುತ್ತೀರಿ. ಪುಸ್ತಕದ ಪ್ರಕಾರ ಅದು ದುರ್ಬಲ ಆಮ್ಲ. ಆದರೆ ಚರ್ಮದೊಳಗೆ ಇಳಿದು ಮೈಯ ಕ್ಯಾಲ್ಸಿಯಂ ಅನ್ನೇ ಹಿಡಿದುಕೊಳ್ಳುತ್ತದೆ. ತೆಳುವಾಗಿದ್ದರೆ ಬಿದ್ದ ಕೂಡಲೇ ಉರಿಯುವುದೂ ಇಲ್ಲ, ಗಂಟೆಗಳ ಮೇಲೆ ನೋವು ಶುರುವಾಗುತ್ತದೆ. ಪಟ್ಟಿಯಲ್ಲಿರುವ ಒಂಬತ್ತರಲ್ಲಿ ನಾನು ಅತಿ ಹೆಚ್ಚು ಹೆದರುವುದು ಈ 'ದುರ್ಬಲ' ಆಮ್ಲಕ್ಕೆ.

ಹಾಗಾದರೆ ಆ ಕಾಲಂ ಹೇಳುವುದೇನು? ನೀರಿಗೆ ಬಿದ್ದ ಆಮ್ಲದ ಅಣುಗಳಲ್ಲಿ ಎಷ್ಟು ಪಾಲು ಆ ಕ್ಷಣಕ್ಕೆ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಟ್ಟಿವೆ ಎಂಬುದನ್ನು. ಬುಧವಾರದ ಸಂತೆಗೆ ಒಂದು ತುಂಬಿದ ಬಸ್ಸು ಬಂತು ಅಂದುಕೊಳ್ಳಿ. ನಿಂತ ಕೂಡಲೇ ನೂರಕ್ಕೆ ನೂರೂ ಜನ ಇಳಿದರೆ ಅದು ಹೈಡ್ರೋಕ್ಲೋರಿಕ್ ಆಮ್ಲ. ಒಬ್ಬಿಬ್ಬರು ಇಳಿದು ಮಿಕ್ಕವರು ಸೀಟಿನಲ್ಲೇ ಕೂತಿದ್ದರೆ ಅದು ಅಸಿಟಿಕ್ ಆಮ್ಲ. ಒಂದು ಲೀಟರ್ ನೀರಿನಲ್ಲಿ 6 ಗ್ರಾಂ ಅಸಿಟಿಕ್ ಆಮ್ಲ ಬೆರೆಸಿದರೆ ನೂರಕ್ಕೆ ಸುಮಾರು 1.3 ಪಾಲು ಮಾತ್ರ ಇಳಿದಿರುತ್ತವೆ. ಆದರೆ ಇಳಿದವರನ್ನು ಯಾರಾದರೂ ಕರೆದುಕೊಂಡು ಹೋದರೆ ಬಸ್ಸಿನಿಂದ ಇನ್ನಷ್ಟು ಜನ ಇಳಿಯುತ್ತಾರೆ, ಬಸ್ಸು ಖಾಲಿಯಾಗುವ ತನಕ.

ಅಂದರೆ ಎರಡು ಸಂಗತಿಗಳಿವೆ. ಈ ಕ್ಷಣಕ್ಕೆ ಹೊರಗೆ ಎಷ್ಟಿದೆ ಎಂಬುದು ಒಂದು, ಇದನ್ನು ಪಿಎಚ್ ಕಾಗದ ತೋರಿಸುತ್ತದೆ. ಒಳಗೆ ದಾಸ್ತಾನು ಎಷ್ಟಿದೆ ಎಂಬುದು ಇನ್ನೊಂದು, ಇದನ್ನು ಪಿಎಚ್ ಕಾಗದ ತೋರಿಸುವುದಿಲ್ಲ. ಅಡುಗೆಯ ವಿನೆಗರ್ ತೆಗೆದುಕೊಳ್ಳಿ, 5 ಪರ್ಸೆಂಟ್ ಇರುವಂಥದ್ದು. ಅದರ ಪಿಎಚ್ ಸುಮಾರು 2.4. ಪಕ್ಕದಲ್ಲಿ ಪ್ರಯೋಗಾಲಯದ ತೆಳು ಹೈಡ್ರೋಕ್ಲೋರಿಕ್ ಆಮ್ಲ ಇಡಿ, ಲೀಟರಿಗೆ 3.65 ಗ್ರಾಂ HCl ಇರುವಂಥದ್ದು. ಅದರ ಪಿಎಚ್ 1. ಕಾಗದ ನೋಡಿ ಹೇಳುವುದಾದರೆ ಎರಡನೆಯದೇ ಜೋರು. ಆದರೆ ಎರಡಕ್ಕೂ ಅಡುಗೆ ಸೋಡಾ ಹಾಕುತ್ತಾ ಹೋಗಿ, ನೊರೆ ಬರುವುದು ನಿಲ್ಲುವ ತನಕ. ವಿನೆಗರ್ ಎಂಟು ಪಟ್ಟು ಸೋಡಾ ತಿಂದಿರುತ್ತದೆ. ಮಕ್ಕಳು ಮನೆಯಲ್ಲಿ ಲೆಕ್ಕ ಹಾಕಿ ನೋಡಿ: 50 ಗ್ರಾಂ ಅನ್ನು 60ರಿಂದ ಭಾಗಿಸಿ, 0.1ರ ಜೊತೆ ಹೋಲಿಸಿದರಾಯಿತು.

ಅದೇ ಅಸಿಟಿಕ್ ಆಮ್ಲ ನೀರು ಬೆರೆಸದೆ ಬಾಟಲಿಯಲ್ಲಿ ಬಂದರೆ ಚರ್ಮ ಬೊಬ್ಬೆ ಏಳಿಸುತ್ತದೆ, ಕೋಷ್ಟಕ ಎಷ್ಟೇ ದುರ್ಬಲ ಎಂದರೂ. ಅದು 16.6 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ, ಹಾಗಾಗಿ ನಮ್ಮೂರಿನ ಡಿಸೆಂಬರ್ ಬೆಳಗಿನಲ್ಲಿ ಬಾಟಲಿ ಹರಳುಗಟ್ಟಿ ಕೂತಿರಬಹುದು. ಕೆಟ್ಟಿದೆ ಎಂದು ಎಸೆಯಬೇಡಿ, ಒಲೆಯ ಮೇಲೆ ಇಟ್ಟು ಕರಗಿಸಲೂ ಬೇಡಿ. ಉಗುರು ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರೆ ಸಾಕು.

"ಸಾರ್, ಹಾಗಾದ್ರೆ ಬ್ಲೀಚಿಂಗ್ ಪುಡಿಗೆ ವಿನೆಗರ್ ಹಾಕಿದ್ರೆ ಏನೂ ಆಗಲ್ಲ ಅಲ್ವಾ? ದುರ್ಬಲ ತಾನೆ?" ಎಂದು ಒಬ್ಬ ಹುಡುಗಿ ಕೇಳಿದಳು. ಆಗುತ್ತಮ್ಮ. ಬ್ಲೀಚಿಂಗ್ ಪುಡಿಯಿಂದ ಕ್ಲೋರಿನ್ ಅನಿಲ ಎಬ್ಬಿಸಲು ಪ್ರಬಲ ಆಮ್ಲವೇ ಬೇಕಿಲ್ಲ. ಬಾತ್‌ರೂಮ್ ಆಸಿಡ್ ಸುರಿದರೆ ಒಮ್ಮೆಲೇ ಏಳುತ್ತದೆ, ವಿನೆಗರ್ ಆದರೆ ಸ್ವಲ್ಪ ನಿಧಾನ. ಮುಚ್ಚಿದ ಬಾತ್‌ರೂಮಿನಲ್ಲಿ ಎರಡೂ ಅಪಾಯವೇ. ಮೂಗು ಕೊರೆಯುವ ವಾಸನೆ ಬಂದ ಕೂಡಲೇ ಉಜ್ಜುವುದನ್ನು ಬಿಟ್ಟು ಹೊರಗೆ ಬರಬೇಕು.

ಈಗ ನಮ್ಮ ಸಾಲಿಗೆ ಬರೋಣ, ಸುಣ್ಣಕ್ಕೆ.

ಮೂರನೇ ಕಾಲಂನಲ್ಲಿ ನಾನು 'ಪ್ರಬಲ, ಆದರೆ ಕರಗುವುದು ಕಡಿಮೆ' ಎಂದು ಬರೆದಿದ್ದೇನೆ. ಕರಗಿದಷ್ಟು ಸುಣ್ಣ ಪೂರ್ತಿ ಬಿಡಿಯಾಗುತ್ತದೆ, ಆದ್ದರಿಂದ ಪ್ರಬಲ. ಆದರೆ ಒಂದು ಲೀಟರ್ ನೀರಿಗೆ ಕರಗುವುದು ಹೆಚ್ಚೆಂದರೆ 1.7 ಗ್ರಾಂ. ಆ ತಿಳಿನೀರಿನ ಪಿಎಚ್ ಸುಮಾರು 12.4. ಮಿಕ್ಕ ಸುಣ್ಣ ಹಾಲಿನಂತೆ ತೇಲುತ್ತದೆ ಇಲ್ಲವೇ ತಳದಲ್ಲಿ ಕೂರುತ್ತದೆ. ಕರಗಿದ್ದು ಖರ್ಚಾದಂತೆ ತೇಲುವುದು ಕರಗಿ ಆ ಜಾಗ ತುಂಬುತ್ತದೆ. ಇಲ್ಲಿಯೂ ದಾಸ್ತಾನಿದೆ, ಆದರೆ ಅಣುವಿನೊಳಗಲ್ಲ, ಪುಡಿಯ ಕಣದಲ್ಲಿ.

ಸುಣ್ಣ ಕಣ್ಣಿಗೆ ಬಿದ್ದರೆ ಅಷ್ಟು ಕೆಟ್ಟದಾಗುವುದು ಇದೇ ಕಾರಣಕ್ಕೆ. ರೆಪ್ಪೆಯ ಒಳಮಡಿಕೆಯಲ್ಲಿ ಒಂದು ಕಣ ಕೂತರೆ, ಕಣ್ಣೀರು ತೊಳೆದಷ್ಟೂ ಅದು ಮತ್ತೆ ಕರಗಿ ಸುಡುತ್ತಲೇ ಇರುತ್ತದೆ. ಎಲೆ ಅಡಿಕೆಗೆ ಬಳಸುವ ಸುಣ್ಣದ ಪೊಟ್ಟಣವನ್ನು ಮಕ್ಕಳು ಹಿಸುಕಿ ಕಣ್ಣಿಗೆ ಚಿಮ್ಮಿಸಿಕೊಂಡ ಪ್ರಕರಣಗಳನ್ನು ನಮ್ಮ ದೇಶದ ಕಣ್ಣಿನ ವೈದ್ಯರು ಮತ್ತೆ ಮತ್ತೆ ವರದಿ ಮಾಡಿದ್ದಾರೆ. ಮಾಡಬೇಕಾದ್ದು ಇಷ್ಟು. ರೆಪ್ಪೆ ಬಿಡಿಸಿ, ಕಾಣುವ ಕಣವನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆಯಿರಿ. ಅದಕ್ಕೆಂದು ತೊಳೆಯುವುದನ್ನು ತಡ ಮಾಡಬೇಡಿ. ಶುದ್ಧ ನೀರನ್ನು ಅರ್ಧ ಗಂಟೆ ನಿಲ್ಲಿಸದೆ ಹಾಯಿಸಿ, ಆಮೇಲೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸುಣ್ಣ ಪ್ರತ್ಯಾಮ್ಲ ತಾನೆ ಎಂದು ನಿಂಬೆರಸವನ್ನೋ ವಿನೆಗರನ್ನೋ ಕಣ್ಣಿಗೆ ಬಿಡುವ ಬುದ್ಧಿವಂತಿಕೆ ಬೇಡ. ಕೋಷ್ಟಕದ ರಸಾಯನಶಾಸ್ತ್ರ ಬೀಕರಿನಲ್ಲಿ ಸರಿ, ಕಣ್ಣಿನಲ್ಲಿ ಅಲ್ಲ.

ಈ ಸಭೆಯಲ್ಲಿ ಸುಣ್ಣ ಎಂದರೆ ಬೆಳೆಯ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ನೆನಪಾಗದವರು ಕಡಿಮೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದಿರುವುದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿ, 1885ರಲ್ಲಿ ಪ್ರಕಟಿಸಿದ. ನಮ್ಮ ಕಡೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ದ್ರಾವಣವನ್ನು ಬಳಕೆಗೆ ತಂದರು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಕೇಂದ್ರ ಶುರುವಾಗುವುದರಲ್ಲೂ ಅವರ ಪಾಲಿದೆ.

ಅಡಿಕೆಗೆ ಹೊಡೆಯುವುದು 1 ಪರ್ಸೆಂಟಿನದು: 1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟ ಸುಣ್ಣ, 100 ಲೀಟರ್ ನೀರು. ಕಾಫಿಯ ಎಲೆ ತುಕ್ಕಿಗೆ ಅರ್ಧ ಪರ್ಸೆಂಟು, ಅಂದರೆ ಅದೇ ಒಂದೊಂದು ಕಿಲೋಗೆ 200 ಲೀಟರಿನ ಡ್ರಮ್. ಇದು ನಿಮಗೆ ಗೊತ್ತಿರುವುದೇ. ಡ್ರಮ್ಮಿನೊಳಗೆ ಏನಾಗುತ್ತದೆ ಎಂಬುದನ್ನು ನೋಡೋಣ.

ಮೈಲುತುತ್ತದ ದ್ರಾವಣ ತಾನೇ ಒಂದು ಆಮ್ಲೀಯ ದ್ರಾವಣ, ಪಿಎಚ್ ಸುಮಾರು 4. ಅದನ್ನು ಹಾಗೇ ಹೊಡೆದರೆ ಕರಗಿದ ತಾಮ್ರ ಎಲೆಯೊಳಗೆ ಇಳಿದು ಎಲೆ, ಎಳೆಕಾಯಿ ಸುಟ್ಟುಹೋಗುತ್ತವೆ. ಮಳೆ ಬಂದರೆ ತೊಳೆದೂ ಹೋಗುತ್ತದೆ. ಸುಣ್ಣ ಆ ಆಮ್ಲತೆಯನ್ನು ಮುಗಿಸಿ ತಾಮ್ರವನ್ನು ನೀಲಿ ಗಸಿಯಾಗಿ ಕೂರಿಸುತ್ತದೆ. ಆ ಗಸಿ ಎಲೆಗೆ ಅಂಟಿಕೊಂಡು, ಮಳೆಗಾಲವಿಡೀ ಸ್ವಲ್ಪ ಸ್ವಲ್ಪವೇ ತಾಮ್ರ ಬಿಡುತ್ತದೆ.

ಇದಕ್ಕೆ ಸುಣ್ಣ ಎಷ್ಟು ಬೇಕು? ಲೆಕ್ಕ ಹಾಕಿದರೆ 1 ಕಿಲೋ ಮೈಲುತುತ್ತದ ತಾಮ್ರವನ್ನು ಪೂರ್ತಿ ಗಸಿ ಮಾಡಲು ಶುದ್ಧ ಸುಟ್ಟ ಸುಣ್ಣ 224 ಗ್ರಾಂ ಸಾಕು. ನಾವು ಹಾಕುವುದು 1 ಕಿಲೋ. ನಾಲ್ಕು ಪಟ್ಟಿಗಿಂತ ಹೆಚ್ಚು.

"ಹಾಗಾದ್ರೆ ಇಷ್ಟು ವರ್ಷ ಸುಮ್ನೆ ಸುಣ್ಣ ದಂಡ ಮಾಡಿದ್ವಾ?" ಎಂದು ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಕೇಳಿದರು. ಎಲ್ಲರೂ ನಕ್ಕರು. ಇಲ್ಲ ಸಾರ್, ದಂಡ ಅಲ್ಲ. 224 ಗ್ರಾಂ ಎಂಬುದು ಪ್ರಯೋಗಾಲಯದ ಶುದ್ಧ ಸುಣ್ಣದ ಲೆಕ್ಕ. ಭಟ್ಟಿಯಿಂದ ಬರುವ ಸುಣ್ಣದಲ್ಲಿ ಸರಿಯಾಗಿ ಬೇಯದ ಕಲ್ಲಿರುತ್ತದೆ, ಮಣ್ಣಿರುತ್ತದೆ. ಒಳ್ಳೆಯ ಹೊಸ ಸುಣ್ಣವಾದರೆ ಅರ್ಧ ಕಿಲೋದಲ್ಲೇ ಮುಗಿಯುತ್ತದೆ. ಒಂದು ಕಿಲೋ ಎಂಬುದು ಸುಣ್ಣ ಹೇಗೇ ಇರಲಿ, ಕೈಕೊಡದಿರಲಿ ಎಂದು ಇಟ್ಟುಕೊಂಡ ಅಂತರ.

ಆದರೂ ಕೈಕೊಡುತ್ತದೆ. ಹೇಗೆಂದು ಹೇಳುತ್ತೇನೆ. ಹೋದ ವರ್ಷ ಬಿಚ್ಚಿದ ಸುಣ್ಣದ ಚೀಲ ಶೆಡ್ಡಿನ ಮೂಲೆಯಲ್ಲಿ ಉಳಿದಿದೆ. ಮಲೆನಾಡಿನ ಮಳೆಗಾಲದ ತೇವ ಕುಡಿದು ಅದು ತಾನಾಗಿಯೇ ಅರಳಿದೆ, ಚೀಲ ಉಬ್ಬಿ ಹೊಲಿಗೆ ಬಿಟ್ಟಿದೆ. ಆಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದಕಲ್ಲಿನ ಪುಡಿಯಾಗಿದೆ, CaCO₃. ನೋಡಲು ಅದೇ ಬಿಳಿ. ತೂಕ ಮಾತ್ರ ಹೆಚ್ಚಿದೆ, ಏಕೆಂದರೆ 56 ಗ್ರಾಂ ಸುಟ್ಟ ಸುಣ್ಣ ಹೀಗೆ ತಿರುಗಿದಾಗ 100 ಗ್ರಾಂ ಆಗುತ್ತದೆ. ಆ ಚೀಲದಿಂದ 1 ಕಿಲೋ ತೂಗಿದಾಗ ಅದರಲ್ಲಿ ಕೆಲಸ ಮಾಡುವ ಸುಣ್ಣ 100 ಗ್ರಾಂ ಮಾತ್ರ ಉಳಿದಿದೆ ಅಂದುಕೊಳ್ಳಿ. ಬೇಕಾದ್ದು 224, ಇರುವುದು 100. ಅರ್ಧವೂ ಇಲ್ಲ. ಉಳಿದ ಕಲ್ಲುಪುಡಿಯೂ ಆಮ್ಲದ ಜೊತೆ ವರ್ತಿಸುತ್ತದೆ ನಿಜ, ಆದರೆ ಬಲು ನಿಧಾನ, ಪಂಪು ಶುರು ಮಾಡುವ ಹೊತ್ತಿಗಲ್ಲ. ತಾಮ್ರದ ದೊಡ್ಡ ಪಾಲು ಕರಗಿದ ಸ್ಥಿತಿಯಲ್ಲೇ ಗೊನೆಗೆ ಹೋಗುತ್ತದೆ. ಅಳತೆ ಎಲ್ಲ ಸರಿ, ಎಳೆ ಅಡಿಕೆ ಮಾತ್ರ ಕಪ್ಪಾಗಿ ಉದುರುತ್ತದೆ. ಆಗ ಬೈಗುಳ ತಿನ್ನುವುದು ಮೈಲುತುತ್ತ ಮಾರಿದವನು.

ಚೀಲ ಹಾಳಾಗಿದೆಯೇ ಎಂದು ತಿಳಿಯಲು ಎರಡು ದಾರಿ. ಗಟ್ಟಿ ಉಂಡೆ ಸಿಕ್ಕರೆ ಅದರ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಒಳ್ಳೆಯ ಸುಟ್ಟ ಸುಣ್ಣ ಕೆಲವು ನಿಮಿಷದಲ್ಲಿ ಬಿಸಿಯಾಗಿ, ಆವಿ ಬಿಟ್ಟು, ಒಡೆದು ಪುಡಿಯಾಗುತ್ತದೆ. ತಣ್ಣಗೆ ಕೂತಿದ್ದರೆ ಅದರಲ್ಲಿ ಸತ್ವ ಇಲ್ಲ. ಪುಡಿಯೇ ಇದ್ದರೆ ಈ ಪರೀಕ್ಷೆ ನಡೆಯುವುದಿಲ್ಲ, ಏಕೆಂದರೆ ಆಗಲೇ ಅರಳಿದ ಒಳ್ಳೆಯ ಸುಣ್ಣವೂ ಬಿಸಿಯಾಗುವುದಿಲ್ಲ. ಆಗ ಕೋಷ್ಟಕದ ಮೂರನೇ ಸಾಲು ನೆರವಿಗೆ ಬರುತ್ತದೆ. ಒಂದು ಚಮಚ ಪುಡಿಯನ್ನು ನೀರಿನಲ್ಲಿ ಕದಡಿ, ಮೇಲೆ ವಿನೆಗರ್ ಹಾಕಿ. ಅರಳಿದ ಸುಣ್ಣ ಸದ್ದಿಲ್ಲದೆ ಕರಗುತ್ತದೆ. ಕಲ್ಲಿನ ಪುಡಿಯಾಗಿ ತಿರುಗಿದ್ದು ಬುಸುಬುಸು ನೊರೆ ಎಬ್ಬಿಸುತ್ತದೆ. ಒಂದೆರಡು ಗುಳ್ಳೆ ಎಲ್ಲ ಸುಣ್ಣದಲ್ಲೂ ಬರುತ್ತವೆ, ಅದಕ್ಕೆ ಹೆದರಬೇಡಿ.

ಇನ್ನು ಅರಳಿಸುವ ಹೊತ್ತು. ಇಲ್ಲಿ ಒಂದು ಅಂಕಿ ನೆನಪಿಟ್ಟುಕೊಳ್ಳಿ: 1 ಕಿಲೋ ಸುಟ್ಟ ಸುಣ್ಣ ಅರಳುವಾಗ ಹೊರಬರುವ ಶಾಖ ಸುಮಾರು 3 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಸಣ್ಣ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಎಲ್ಲ ಉಂಡೆಗಳನ್ನೂ ಹಾಕಿ ಮೇಲಿಂದ ಒಂದು ಚೊಂಬು ನೀರು ಸುರಿದರೆ, ಆ ನೀರು ಕುದಿದು ಸುಣ್ಣದ ಸಮೇತ ಮುಖಕ್ಕೆ ಚಿಮ್ಮುತ್ತದೆ. ಬಕೆಟ್ ಮೆತ್ತಗಾಗಿ ಬಾಯಿ ಬಿಡಬಹುದು. ಅಗಲ ಬಾಯಿಯ ಪಾತ್ರೆಯಲ್ಲಿ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸುತ್ತಾ, ಮುಖ ಬಗ್ಗಿಸದೆ, ಕನ್ನಡಕ ಹಾಕಿಕೊಂಡು ಮಾಡಿ. ನೂರಾರು ರೂಪಾಯಿ ಕೊಟ್ಟು ಮೈಲುತುತ್ತ ತರುವವರು ಆಳಿಗೊಂದು ಪ್ಲಾಸ್ಟಿಕ್ ಕನ್ನಡಕ ತರಲು ಯೋಚಿಸುವುದು ನನಗಂತೂ ಅರ್ಥವಾಗಿಲ್ಲ. ಒಣ ಸುಣ್ಣದ ಪುಡಿ ಮೈಮೇಲೆ ಬಿದ್ದರೆ ಮೊದಲು ಒಣ ಬಟ್ಟೆಯಿಂದ ಒರೆಸಿ ಉದುರಿಸಿ, ಆಮೇಲೆ ಧಾರಾಳ ನೀರಿನಿಂದ ತೊಳೆಯಿರಿ.

ಅರಳಿದ ಮೇಲೆ 50 ಲೀಟರ್ ನೀರಿಗೆ ಕಲಸಿ ಬಟ್ಟೆಯಲ್ಲಿ ಸೋಸಿ. ಕೆಲವರು ಸುಣ್ಣ ತಳಕ್ಕೆ ಕೂರುವ ತನಕ ಕಾದು ಮೇಲಿನ ತಿಳಿಯನ್ನಷ್ಟೇ ಬಳಸುತ್ತಾರೆ, ಪಂಪಿನ ನಾಜಲ್ ಕಟ್ಟಬಾರದೆಂದು. ಇದು ನಡೆಯುವುದಿಲ್ಲ. ಲೀಟರಿಗೆ 1.7 ಗ್ರಾಮಿನಂತೆ 50 ಲೀಟರ್ ತಿಳಿಯಲ್ಲಿರುವ ಅರಳಿದ ಸುಣ್ಣ 85 ಗ್ರಾಂ. ಬೇಕಾದ್ದು ಸುಮಾರು 300 ಗ್ರಾಂ, ಆಗಲೇ ಹೇಳಿದ 224 ಗ್ರಾಂ ಸುಟ್ಟ ಸುಣ್ಣ ಅರಳಿದರೆ ಆಗುವಷ್ಟು. ತಿಳಿಯನ್ನು ಪಿಎಚ್ ಕಾಗದದಲ್ಲಿ ನೋಡಿದರೆ 12ಕ್ಕಿಂತ ಮೇಲೆ ತೋರಿಸಿ ಧೈರ್ಯ ಕೊಡುತ್ತದೆ, ಆದರೆ ದಾಸ್ತಾನೆಲ್ಲ ತಳದಲ್ಲೇ ಉಳಿದಿದೆ. ಹಾಲಿನಂಥ ನೀರೇ ಹೋಗಬೇಕು. ಕಲ್ಲು, ಕಸ ಮಾತ್ರ ಬಟ್ಟೆಯಲ್ಲಿ ಉಳಿಯಲಿ.

ಇನ್ನೊಂದು 50 ಲೀಟರಿನಲ್ಲಿ ಮೈಲುತುತ್ತ ಕರಗಿಸಿ, ಕಬ್ಬಿಣದ ಪಾತ್ರೆಯಲ್ಲಿ ಮಾತ್ರ ಬೇಡ. ಕಬ್ಬಿಣ ಕರಗಿ ತಾಮ್ರ ಅದರ ಗೋಡೆಗೆ ಅಂಟುತ್ತದೆ, ನಿಮ್ಮ ಔಷಧಿಯೂ ಹೋಯಿತು, ಪಾತ್ರೆಯೂ ಹೋಯಿತು. ಎರಡೂ ತಣ್ಣಗಿರುವಾಗ ಮೈಲುತುತ್ತದ ನೀರನ್ನು ಸುಣ್ಣದ ಹಾಲಿಗೆ ನಿಧಾನವಾಗಿ ಸುರಿಯುತ್ತಾ, ಕೋಲಿನಿಂದ ತಿರುಗಿಸುತ್ತಿರಿ. ಹೀಗೆ ಮಾಡಿದರೆ ಗಸಿ ನುಣ್ಣಗೆ ಬರುತ್ತದೆ, ಬೇಗ ತಳಕ್ಕೆ ಕೂರುವುದಿಲ್ಲ. ಬಣ್ಣ ಆಕಾಶ ನೀಲಿ ಇರಬೇಕು.

ಕೊನೆಗೆ ಪರೀಕ್ಷೆ. ತುಕ್ಕಿಲ್ಲದ, ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಸ್ಟೀಲ್ ಚಾಕು ಬೇಡ. ಅಲಗಿನ ಮೇಲೆ ಕೆಂಪು ಲೇಪ ಬಂದಿದ್ದರೆ ಕರಗಿದ ತಾಮ್ರ ಉಳಿದಿದೆ ಎಂದರ್ಥ. ಇನ್ನಷ್ಟು ಸುಣ್ಣದ ಹಾಲು ಸೇರಿಸಿ, ಕಲಸಿ, ಚಾಕು ಒರೆಸಿ ಮತ್ತೆ ಅದ್ದಿ. ಪಿಎಚ್ ಕಾಗದ ಇದ್ದರೆ 7ಕ್ಕಿಂತ ಮೇಲೆ ತೋರಿಸಬೇಕು. ನನಗೆ ಚಾಕುವಿನ ಮೇಲೇ ಹೆಚ್ಚು ನಂಬಿಕೆ, ಏಕೆಂದರೆ ಅದು ನಮಗೆ ಬೇಕಾದ ಪ್ರಶ್ನೆಯನ್ನೇ ನೇರವಾಗಿ ಕೇಳುತ್ತದೆ: ಎಲೆ ಸುಡುವ ತಾಮ್ರ ಇನ್ನೂ ಇದೆಯೋ ಇಲ್ಲವೋ.

"ಸುಣ್ಣ ಜಾಸ್ತಿಯಾದ್ರೆ?" ಎಂದು ಒಬ್ಬ ಮೇಸ್ತ್ರಿ ಕೇಳಿದರು. ಎಲೆ ಸುಡುವುದಿಲ್ಲ, ಆದರೆ ನಾಜಲ್ ಕಟ್ಟುತ್ತದೆ, ಮತ್ತು ತಾಮ್ರ ಹೊರಬರುವುದು ತಡವಾಗುತ್ತದೆ. ಚಾಕು ಸ್ವಚ್ಛ ಬಂದಲ್ಲಿಗೆ ನಿಲ್ಲಿಸಿ.

ಯೂರಿಯಾದ ಬಗ್ಗೆಯೂ ಒಂದು ಪ್ರಶ್ನೆ ಬಂತು, ತೋಟಕ್ಕೆ ಸುಣ್ಣ ಮತ್ತು ಗೊಬ್ಬರ ಒಟ್ಟಿಗೆ ಹಾಕಿ ಒಂದು ಆಳು ಉಳಿಸಬಹುದೇ ಎಂದು. ಬೇಡ. ಅಮೋನಿಯಂ ಇರುವ ಗೊಬ್ಬರಕ್ಕೆ ಸುಣ್ಣ ತಗುಲಿದ ಕೂಡಲೇ ಕೋಷ್ಟಕದ ಎಂಟನೇ ಸಾಲು, ಅಂದರೆ ಅಮೋನಿಯಾ, ಅನಿಲವಾಗಿ ಎದ್ದು ಹೋಗುತ್ತದೆ. ಮೂಗಿಗೆ ಬಡಿಯುವ ಆ ಘಾಟು ನೀವು ಕೊಂಡ ಸಾರಜನಕವೇ. ಯೂರಿಯಾ ಮಣ್ಣಿನಲ್ಲಿ ಮೊದಲು ಅಮೋನಿಯಂ ಆಗಿಯೇ ಮುಂದೆ ಹೋಗುವುದರಿಂದ ಅದಕ್ಕೂ ಇದೇ ಗತಿ. ಎರಡರ ನಡುವೆ ಕೆಲವು ವಾರ ಬಿಡಿ.

ಕೊನೆಯ ಪ್ರಶ್ನೆ, ಮಧ್ಯಾಹ್ನ ಮಳೆ ಬಂದು ಕೆಲಸ ನಿಂತರೆ ಕಲಸಿದ ಬೋರ್ಡೋ ನಾಳೆಗೆ ಇಡಬಹುದೇ ಎಂಬುದು. ಇಡಬಾರದು. ನಿಂತಷ್ಟೂ ಗಸಿಯ ಕಣಗಳು ದಪ್ಪ ಹರಳಾಗಿ, ಎಲೆಗೆ ಅಂಟುವ ಗುಣ ಹೋಗುತ್ತದೆ. ಆದರೆ ಬೆರೆಸುವ ಮೊದಲಾದರೆ ಅಡ್ಡಿಯಿಲ್ಲ. ಮೈಲುತುತ್ತದ ನೀರನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಎಷ್ಟು ದಿನ ಬೇಕಾದರೂ ಇಡಿ. ಸುಣ್ಣದ ಹಾಲನ್ನು ಮೇಲೆ ನೀರು ನಿಲ್ಲುವಂತೆ, ಗಾಳಿಯಾಡದಂತೆ ಮುಚ್ಚಿಡಿ. ಮೋಡ ಕಂಡ ದಿನ ಅರ್ಧ ಡ್ರಮ್ಮಿಗಷ್ಟೇ ಬೆರೆಸಿ.